ಪಾಸ್‌ಬುಕ್‌ನಲ್ಲಿ ದುಡ್ಡು ಏರುತ್ತಿದೆ, ಹಾಗಾದರೆ ನಷ್ಟ ಎಲ್ಲಿದೆ?

ಪ್ರಶ್ನೆ: ಐದು ವರ್ಷದ ಹಿಂದೆ ಸೇವಿಂಗ್ಸ್ ಅಕೌಂಟಿನಲ್ಲಿ ಹತ್ತು ಲಕ್ಷ ಇಟ್ಟೆ. ಬಡ್ಡಿ ಶೇ. 3. ಅದರ ಮೇಲೆ ಶೇ. 20 ತೆರಿಗೆ ಹೋಗುತ್ತದೆ. ನಡುವೆ ಒಂದು ಸಲವೂ ತೆಗೆದಿಲ್ಲ. ಈಗ 11 ಲಕ್ಷ 25 ಸಾವಿರ ದಾಟಿದೆ. ಆದರೂ ಸ್ನೇಹಿತರು "ನಿನ್ನ ದುಡ್ಡು ಕರಗ್ತಾ ಇದೆ" ಅಂತಾರೆ. ಒಂದು ಪೈಸೆ ಕಮ್ಮಿ ಆಗಿಲ್ಲ, ಕರಗಿದ್ದು ಹೇಗೆ? ಎಲ್ಲಾ ತೆಗೆದು ಬೇರೆ ಕಡೆ ಹಾಕಬೇಕಾ?

ಉತ್ತರ: ನಿಮ್ಮ ಸ್ನೇಹಿತರು ಹೇಳುತ್ತಿರುವುದು ನಿಜ. ಆದರೆ "ಎಲ್ಲಾ ತೆಗೀಬೇಕಾ" ಅನ್ನುವುದಕ್ಕೆ ನನ್ನ ಉತ್ತರ ಬೇಡ ಎಂದೇ. ಒಂದು ಭಾಗ ಅಲ್ಲೇ ಇರಲಿ. ಎಷ್ಟು ಇರಬೇಕು ಅನ್ನುವುದನ್ನು ಆಮೇಲೆ ನೋಡೋಣ, ಮೊದಲು ಕರಗಿದ್ದು ಎಷ್ಟು ಅಂತ ಲೆಕ್ಕ ಹಾಕೋಣ. ಲೆಕ್ಕ ಕೈಗೆ ಸಿಕ್ಕಿದರೆ ಉಳಿದದ್ದು ನಿಮಗೇ ಹೊಳೆಯುತ್ತದೆ.

ಬೆಲೆಗಳು ವರ್ಷಕ್ಕೆ ಸರಾಸರಿ ಶೇ. 6ರಂತೆ ಏರುತ್ತಿವೆ ಅಂದುಕೊಳ್ಳಿ. ಇದು ಲೆಕ್ಕಕ್ಕಾಗಿ ನಾನು ಹಿಡಿದ ಅಂಕಿ. ನಿಮ್ಮಲ್ಲಿ ಇದಕ್ಕಿಂತ ಜಾಸ್ತಿ ಇರಬಹುದು, ಕಡಿಮೆಯೂ ಇರಬಹುದು. ಮೊದಲ ವರ್ಷ ಹತ್ತು ಲಕ್ಷಕ್ಕೆ 30,000 ಬಡ್ಡಿ ಬಂತು. ಅದರಲ್ಲಿ 6,000 ತೆರಿಗೆಗೆ ಹೋಯಿತು. ಉಳಿದದ್ದು 10,24,000. ಅದೇ ವರ್ಷ ಹತ್ತು ಲಕ್ಷಕ್ಕೆ ಸಿಗುತ್ತಿದ್ದ ಸಾಮಾನಿಗೆಲ್ಲ ಸೇರಿ 10,60,000 ಆಯಿತು. ನಿಮ್ಮ ಹತ್ತಿರ ಇರುವುದು ಅದಕ್ಕೆ 36,000 ಕಮ್ಮಿ. ಹೋದ ವರ್ಷದ ಬೆಲೆಯಲ್ಲಿ ನಿಮ್ಮ ದುಡ್ಡಿನ ಬೆಲೆ ಎಷ್ಟು ಅಂತ ನೋಡಬೇಕಾದರೆ ಭಾಗಿಸಬೇಕು:

```
10,24,000 ÷ 1.06 = 9,66,038
```

ಅಂದರೆ ಒಂದೇ ವರ್ಷದಲ್ಲಿ ಸುಮಾರು 34,000 ಹೋಯಿತು, ಶೇ. 3.4. ತುಂಬಾ ಜನ ಇಲ್ಲಿ ಸುಮ್ನೆ 6ರಲ್ಲಿ 3 ಕಳೆದು "ನಷ್ಟ ಶೇ. 3" ಅಂತ ಮುಗಿಸಿಬಿಡುತ್ತಾರೆ. ಅದು ಅಂದಾಜಿಗೆ ಸಾಕು, ಆದರೆ ಅದರಲ್ಲಿ ತೆರಿಗೆ ಬಿಟ್ಟುಹೋಗಿದೆ. ಆ ತೆರಿಗೆಯದ್ದೇ ಒಂದು ಕಥೆ ಇದೆ, ಬರುತ್ತೇನೆ.

ಈಗ ನಿಮ್ಮ ಐದು ವರ್ಷದ ಲೆಕ್ಕ. ತೆರಿಗೆ ಕಳೆದು ವರ್ಷಕ್ಕೆ ಶೇ. 2.4ರಂತೆ ಬೆಳೆದು ಹತ್ತು ಲಕ್ಷ 11,25,900 ಆಗಿದೆ. ನೀವು ಹೇಳಿದ ಅಂಕಿಯೂ ಅದೇ. ಅಷ್ಟರಲ್ಲಿ ಬೆಲೆಗಳು 1.338 ಪಟ್ಟು ಆಗಿವೆ. ಆಗ ಹತ್ತು ಲಕ್ಷಕ್ಕೆ ಬರುತ್ತಿದ್ದದ್ದಕ್ಕೆ ಈಗ 13,38,000 ಬೇಕು. ನಿಮ್ಮಲ್ಲಿ ಇರುವುದು 11,25,900. ಈ ಎರಡರ ನಡುವೆ ಇರುವ ಎರಡು ಲಕ್ಷ ಚಿಲ್ಲರೆ ಇದೆಯಲ್ಲ, ಸ್ನೇಹಿತರು ಕರಗಿತು ಅಂದದ್ದು ಅದನ್ನೇ. ಇದನ್ನೇ ನೀವು ದುಡ್ಡು ಇಟ್ಟ ದಿನದ ಬೆಲೆಯಲ್ಲಿ ಹೇಳಬೇಕಾದರೆ, ನಿಮ್ಮ ಹತ್ತು ಲಕ್ಷ ಇವತ್ತು 8,41,000 ಆಗಿ ಕೂತಿದೆ.

ಇದೇ ದರದಲ್ಲಿ ಇನ್ನೂ ಹದಿನೈದು ವರ್ಷ ಮುಟ್ಟದೆ ಬಿಟ್ಟರೆ, ಅಂದರೆ ಒಟ್ಟು ಇಪ್ಪತ್ತು ವರ್ಷಕ್ಕೆ, ಪಾಸ್‌ಬುಕ್ 16 ಲಕ್ಷ ತೋರಿಸುತ್ತದೆ. ಆಗ ಬೆಲೆಗಳು 3.2 ಪಟ್ಟು ಆಗಿರುತ್ತವೆ. ಆ 16 ಲಕ್ಷಕ್ಕೆ ನೀವು ಇಟ್ಟ ದಿನದ ಐದು ಲಕ್ಷದಷ್ಟೇ ಬೆಲೆ. ಸರಿಯಾಗಿ ಅರ್ಧ. ಬಾಯಿಲೆಕ್ಕಕ್ಕೆ ಒಂದು ಸುಲಭ ದಾರಿ ಇದೆ: 70ನ್ನು ವರ್ಷದ ನಷ್ಟದ ಶೇಕಡಾವಾರಿನಿಂದ ಭಾಗಿಸಿ, ದುಡ್ಡು ಅರ್ಧ ಆಗಲು ಬೇಕಾದ ವರ್ಷ ಸಿಗುತ್ತದೆ. 70ನ್ನು 3.4ರಿಂದ ಭಾಗಿಸಿದರೆ ಸುಮಾರು 20. ಬಡ್ಡಿಯೇ ಇಲ್ಲದೆ ಮನೆಯ ಬೀರುವಿನಲ್ಲಿ ಇಟ್ಟರೆ 70ನ್ನು 6ರಿಂದ ಭಾಗಿಸಿ, ಹನ್ನೆರಡು ವರ್ಷ ಕೂಡ ಬೇಕಿಲ್ಲ.

ಈಗ ತೆರಿಗೆಯ ವಿಷಯ. ಇದನ್ನು ಬಹಳ ಜನ ಗಮನಿಸುವುದೇ ಇಲ್ಲ, ನನ್ನ ಪ್ರಕಾರ ನೀವು ಮುಖ್ಯವಾಗಿ ತಿಳಿಯಬೇಕಾದದ್ದು ಇದೇ. ಸಾಮಾನ್ಯವಾಗಿ ಬಡ್ಡಿಯ ಮೇಲಿನ ತೆರಿಗೆಯನ್ನು ಪಾಸ್‌ಬುಕ್‌ನಲ್ಲಿ ಕಾಣುವ ಬಡ್ಡಿಯ ಮೇಲೆ ಹಾಕುತ್ತಾರೆ. ಆ ಬಡ್ಡಿಯಲ್ಲಿ ಎಷ್ಟು ನಿಜವಾದ ಲಾಭ, ಎಷ್ಟು ಬರೀ ಬೆಲೆ ಏರಿದ್ದಕ್ಕೆ ಸಿಕ್ಕ ಪರಿಹಾರ ಅಂತ ಬೇರೆ ಮಾಡಿ ನೋಡುವುದಿಲ್ಲ. ನಿಮಗೆ ಬಂದ 30,000 ನಿಜದಲ್ಲಿ ಲಾಭವೇ ಅಲ್ಲ, ಆಗಿರುವ 60,000ದ ನಷ್ಟಕ್ಕೆ ಅರ್ಧ ಪರಿಹಾರ ಅಷ್ಟೇ. ಆದರೂ ಅದು ಆದಾಯದ ಲೆಕ್ಕಕ್ಕೆ ಸೇರಿ ಅದರಿಂದ 6,000 ಹೋಗುತ್ತದೆ. ಸಣ್ಣ ಬಡ್ಡಿಗೆ ತೆರಿಗೆ ವಿನಾಯಿತಿ ಇರುವ ಕಡೆಗಳೂ ಇವೆ. ಅಂಥ ವಿನಾಯಿತಿ ನಿಮಗೆ ಸಿಕ್ಕರೆ ನಷ್ಟ ಶೇ. 2.8ಕ್ಕೆ ಇಳಿಯುತ್ತದೆ.

ಇದರಿಂದ ಇನ್ನೊಂದು ಮಾತು ಹೊರಡುತ್ತದೆ. "ಬೆಲೆ ಏರಿಕೆ ಶೇ. 6, ನನಗೂ ಶೇ. 6 ಬಡ್ಡಿ ಸಿಗ್ತಿದೆ, ಹಾಗಾದರೆ ಸರಿಹೋಯ್ತಲ್ವಾ" ಅಂತ ಎಷ್ಟೋ ಜನ ನೆಮ್ಮದಿಯಾಗಿ ಇರುತ್ತಾರೆ. ಸರಿಹೋಗಿರುವುದಿಲ್ಲ. ಶೇ. 6ರಲ್ಲಿ ಐದನೇ ಒಂದು ಭಾಗ ತೆರಿಗೆಗೆ ಹೋದರೆ ಕೈಗೆ ಬರುವುದು ಶೇ. 4.8. ಅಸಲಿನ ಬೆಲೆ ಹಾಗೇ ಉಳಿಯಬೇಕಾದರೆ ಬಡ್ಡಿ ಶೇ. 7.5 ಇರಬೇಕು, ಏಕೆಂದರೆ 7.5ರಿಂದ ಐದನೇ ಒಂದು ಭಾಗ ಕಳೆದರೆ 6 ಉಳಿಯುತ್ತದೆ. ತೆರಿಗೆಯ ದರ ಜಾಸ್ತಿ ಇದ್ದವರಿಗೆ ಈ ಗೆರೆ ಇನ್ನೂ ಮೇಲೆ ಹೋಗುತ್ತದೆ. ನಿಮ್ಮ ಗೆರೆ ಎಲ್ಲಿದೆ ಅಂತ ಒಮ್ಮೆ ಲೆಕ್ಕ ಹಾಕಿಟ್ಟುಕೊಳ್ಳಿ. ಯಾರಾದರೂ "ಇಲ್ಲಿ ಇಷ್ಟು ಬಡ್ಡಿ" ಅಂದಾಗ ಆ ಗೆರೆಯ ಮೇಲಿದೆಯಾ ಕೆಳಗಿದೆಯಾ ಅಂತ ತಕ್ಷಣ ಗೊತ್ತಾಗುತ್ತದೆ.

ಇಷ್ಟು ದೊಡ್ಡ ನಷ್ಟ ಕಣ್ಣಿಗೆ ಬೀಳಲಿಲ್ಲ ಏಕೆ ಅನ್ನುವುದೂ ನ್ಯಾಯವಾದ ಪ್ರಶ್ನೆ. ಬ್ಯಾಂಕು ಯಾವುದೋ ಶುಲ್ಕ ಅಂತ ನೂರು ಹಿಡಿದರೆ ಅದಕ್ಕೊಂದು ಸಾಲು ಬರುತ್ತದೆ, ಮೊಬೈಲಿಗೆ ಸಂದೇಶ ಬರುತ್ತದೆ, ನೀವು ಹೋಗಿ ಕೇಳುತ್ತೀರಿ. ವರ್ಷಕ್ಕೆ 34,000 ಹೋದದ್ದಕ್ಕೆ ಪಾಸ್‌ಬುಕ್‌ನಲ್ಲಿ ಒಂದು ಸಾಲೂ ಇಲ್ಲ. ಇರುವ ಸಾಲುಗಳೆಲ್ಲ "ಬಡ್ಡಿ ಜಮಾ" ಎಂದೇ ಹೇಳುತ್ತವೆ. ದುಡ್ಡನ್ನು ನಾವು ಅಳೆಯುವುದು ದುಡ್ಡಿನಿಂದಲೇ. ಹಾಗಾಗಿ ಅಳತೆಗೋಲು ಕುಗ್ಗಿದ್ದು ಕಾಣುವುದಿಲ್ಲ.

ಅಮೆರಿಕದ ಅರ್ಥಶಾಸ್ತ್ರಜ್ಞ ಅರ್ವಿಂಗ್ ಫಿಷರ್ 1922ರಲ್ಲಿ ಬರ್ಲಿನ್‌ಗೆ ಹೋಗಿದ್ದರು. ಆಗ ಜರ್ಮನಿಯಲ್ಲಿ ಬೆಲೆಗಳು ಹುಚ್ಚು ಹಿಡಿದಂತೆ ಏರುತ್ತಿದ್ದವು. ಅಲ್ಲಿ ಒಬ್ಬ ಅಂಗಡಿಯಾಕೆ ಅವರಿಗೆ ಒಂದು ಅಂಗಿ ಮಾರಿದಳು. ಅಂಥದೇ ಇನ್ನೊಂದು ಅಂಗಿ ತರಿಸಲು ತನಗೆ ಅಷ್ಟೇ ದುಡ್ಡು ಬೀಳುತ್ತದೆ ಅಂತ ಅವಳೇ ಹೇಳಿದಳು. ಹಾಗಾದರೆ ಇಷ್ಟಕ್ಕೆ ಏಕೆ ಮಾರುತ್ತೀರಿ ಅಂತ ಅವರು ಕೇಳುವ ಮುಂಚೆಯೇ, "ಆದರೂ ನನಗೆ ಲಾಭವೇ, ಇದನ್ನು ಕಡಿಮೆಗೆ ಕೊಂಡಿದ್ದೆ" ಅನ್ನುವ ಅರ್ಥದ ಮಾತೂ ಅವಳ ಬಾಯಿಂದ ಬಂತು. ನಿಜದಲ್ಲಿ ಅವಳಿಗೆ ಏನೂ ಲಾಭ ಇರಲಿಲ್ಲ. ಜರ್ಮನಿಯ ದುಡ್ಡು ಆಗ ಮಾರ್ಕ್. ಅಂಗಿ ಕೊಂಡ ದಿನದ ಮಾರ್ಕ್ ಬೇರೆ, ಮಾರಿದ ದಿನದ ಮಾರ್ಕ್ ಬೇರೆ. ಅವಳ ಲೆಕ್ಕದ ಪುಸ್ತಕದಲ್ಲಿ ಎರಡೂ ಒಂದೇ ಹೆಸರಿನ ದುಡ್ಡು, ಹಾಗಾಗಿ ಒಂದರಿಂದ ಇನ್ನೊಂದನ್ನು ಕಳೆದಳು. ನಿಮ್ಮ 11,25,900ರಿಂದ ಹತ್ತು ಲಕ್ಷ ಕಳೆದು "1,25,900 ಲಾಭ" ಅಂದುಕೊಳ್ಳುವುದೂ ಅದೇ ಲೆಕ್ಕ. ಅವಳು ದಡ್ಡಿ ಆಗಿರಲಿಲ್ಲ, ನೀವೂ ಅಲ್ಲ. ಅಂಕಿ ಏರುವುದನ್ನು ನೋಡಿದರೆ ಲಾಭ ಅನಿಸುವುದು ಸಹಜ.

ಬ್ಯಾಂಕುಗಳು ಸೇವಿಂಗ್ಸ್ ಬಡ್ಡಿಯನ್ನು ಬೆಲೆ ಏರಿಕೆಯ ಜೊತೆ ಏರಿಸುವುದಿಲ್ಲವೇ ಅಂತ ನೀವು ಕೇಳಬಹುದು. ಏರಿಸಲೇಬೇಕು ಅನ್ನುವ ಒತ್ತಡ ಅವಕ್ಕೆ ಕಡಿಮೆ. ಈ ಖಾತೆಯ ದುಡ್ಡು ಯಾವಾಗ ಬೇಕಾದರೂ ತೆಗೆಯಬಹುದಾದ ದುಡ್ಡು, ಆ ಅನುಕೂಲಕ್ಕಾಗಿಯೇ ಬಡ್ಡಿ ಕಡಿಮೆ. ಆದರೆ ಬ್ಯಾಂಕಿಗೆ ಇನ್ನೊಂದು ವಿಷಯ ಚೆನ್ನಾಗಿ ಗೊತ್ತು: ಯಾವಾಗ ಬೇಕಾದರೂ ತೆಗೆಯಬಹುದಾದರೂ ಹೆಚ್ಚಿನವರು ತೆಗೆಯುವುದೇ ಇಲ್ಲ. ನೀವೇ ಐದು ವರ್ಷ ಮುಟ್ಟಿಲ್ಲ ನೋಡಿ. ಬಿಟ್ಟು ಹೋಗದ ಗ್ರಾಹಕನಿಗೆ ಜಾಸ್ತಿ ಬಡ್ಡಿ ಕೊಡುವ ಅವಸರ ಯಾರಿಗೂ ಇರುವುದಿಲ್ಲ.

ಅಮೆರಿಕದಲ್ಲಿ ಇದು ಇತ್ತೀಚೆಗೆ ಬಹಳ ಸ್ಪಷ್ಟವಾಗಿ ಕಾಣಿಸಿತು. 2022ರ ಜೂನ್‌ನಲ್ಲಿ ಅಲ್ಲಿ ಬೆಲೆಗಳು ಹಿಂದಿನ ವರ್ಷಕ್ಕಿಂತ ಶೇ. 9.1 ಏರಿದ್ದವು. ಆ ಹೊತ್ತಿಗೆ ಸಾಮಾನ್ಯ ಸೇವಿಂಗ್ಸ್ ಖಾತೆಯ ಸರಾಸರಿ ಬಡ್ಡಿ ಶೇ. 0.1 ಕೂಡ ಇರಲಿಲ್ಲ. ಕೇಂದ್ರ ಬ್ಯಾಂಕು ತನ್ನ ದರವನ್ನು ಸೊನ್ನೆಯ ಹತ್ತಿರದಿಂದ 2023ರ ಜುಲೈ ವೇಳೆಗೆ ಶೇ. 5ಕ್ಕೂ ಮೇಲೆ ಒಯ್ದಿತು. ಸಾಲದ ಬಡ್ಡಿಗಳು ಬೇಗ ಬೇಗ ಏರಿದವು. ಸೇವಿಂಗ್ಸ್ ಖಾತೆಯ ಸರಾಸರಿ ಮಾತ್ರ ಅರ್ಧ ಶೇಕಡಾವನ್ನೂ ಮುಟ್ಟಲಿಲ್ಲ. ಅದೇ ಸಮಯದಲ್ಲಿ ಶೇ. 4ಕ್ಕಿಂತ ಜಾಸ್ತಿ ಕೊಡುವ ಖಾತೆಗಳೂ ಅಲ್ಲಿದ್ದವು. ಹುಡುಕಿ ಹೋದವರಿಗೆ ಸಿಕ್ಕಿತು, ಕೂತವರಿಗೆ ಸಿಗಲಿಲ್ಲ.

ಆಮೇಲೆ ಹಣದುಬ್ಬರ ಇಳಿಯಿತು, ಎಲ್ಲರೂ ನಿಟ್ಟುಸಿರು ಬಿಟ್ಟರು. ಇಲ್ಲಿ ಒಂದು ತಪ್ಪು ತಿಳಿವಳಿಕೆ ತುಂಬಾ ಸಾಮಾನ್ಯ. ಹಣದುಬ್ಬರ ಶೇ. 9ರಿಂದ 3ಕ್ಕೆ ಇಳಿದರೆ ಬೆಲೆಗಳು ಇಳಿದವು ಅಂತ ಅಲ್ಲ. ಏರುವ ವೇಗ ಕಮ್ಮಿ ಆಯಿತು ಅಷ್ಟೇ, ಏರಿದ ಬೆಲೆ ಏರಿದಲ್ಲೇ ಇರುತ್ತದೆ, ಅದರ ಮೇಲೆ ಇನ್ನೂ ಶೇ. 3 ಸೇರುತ್ತದೆ. 2021ರ ಜನವರಿಯಿಂದ 2024ರ ಜನವರಿಯವರೆಗೆ ಅಲ್ಲಿ ಬೆಲೆಗಳು ಒಟ್ಟು ಸುಮಾರು ಶೇ. 18 ಏರಿದವು. ಬಡ್ಡಿ ಇಲ್ಲದಂತೆ ಇದ್ದ 10,000 ಡಾಲರಿಗೆ ಮೂರು ವರ್ಷದಲ್ಲಿ 8,500ಕ್ಕಿಂತ ಕಡಿಮೆ ಬೆಲೆ ಉಳಿಯಿತು. ಹಣದುಬ್ಬರ ತಣ್ಣಗಾದ ಮೇಲೂ ಆ ಹೋದ ಭಾಗ ತಿರುಗಿ ಬರಲಿಲ್ಲ. ಷೇರು ಬಿದ್ದರೆ ಮತ್ತೆ ಏರುವ ಸಾಧ್ಯತೆಯಾದರೂ ಇರುತ್ತದೆ. ಹೀಗೆ ಕರಗಿದ್ದು ಮರಳಬೇಕಾದರೆ ಬೆಲೆಗಳೇ ಕೆಳಗೆ ಬರಬೇಕು, ಅದು ತೀರಾ ಅಪರೂಪ.

ಎಲ್ಲ ಕಾಲದಲ್ಲೂ ಹೀಗೇ ಅಂತ ಹೇಳುತ್ತಿಲ್ಲ. ಜಪಾನಿನಲ್ಲಿ 1990ರ ದಶಕದ ಕೊನೆಯಿಂದ ಸುಮಾರು ಹದಿನೈದು ವರ್ಷ ಬೆಲೆಗಳು ಅಲುಗಾಡಲಿಲ್ಲ, ಕೆಲವು ವರ್ಷ ಸ್ವಲ್ಪ ಇಳಿದವು ಕೂಡ. ಅಲ್ಲಿ ಬಡ್ಡಿ ಸೊನ್ನೆಯ ಹತ್ತಿರ ಇದ್ದರೂ ಖಾತೆಯ ದುಡ್ಡಿಗೆ ಹಾನಿ ಆಗಲಿಲ್ಲ. ಹಾಗಾಗಿ ಬರೀ ಬಡ್ಡಿಯ ಅಂಕಿ ನೋಡಿ ಒಳ್ಳೆಯದು ಕೆಟ್ಟದ್ದು ಅನ್ನಬೇಡಿ. ಶೇ. 8 ಬಡ್ಡಿ ಸಿಗುವಾಗ ಬೆಲೆ ಶೇ. 12 ಏರುತ್ತಿದ್ದರೆ ಅದು ಸೊನ್ನೆ ಬಡ್ಡಿ ಸೊನ್ನೆ ಏರಿಕೆಗಿಂತ ಕೆಟ್ಟ ಸ್ಥಿತಿ.

ಇನ್ನು ಆ ಶೇ. 6. ಸರ್ಕಾರ ಹೇಳುವ ಹಣದುಬ್ಬರ ಒಂದು ಸರಾಸರಿ, ಸರಾಸರಿ ಮನೆಯ ಖರ್ಚಿಗೆ ಹೊಂದಿಸಿದ್ದು. ನಿಮ್ಮ ಖರ್ಚು ಹಾಗಿರಬೇಕು ಅಂತಿಲ್ಲ. ಖರ್ಚಿನ ಅರ್ಧ ಮನೆ ಬಾಡಿಗೆಗೆ ಹೋಗುತ್ತಿದ್ದು ಬಾಡಿಗೆ ಶೇ. 10 ಏರಿ, ಉಳಿದದ್ದೆಲ್ಲ ಶೇ. 4 ಏರಿದರೆ ನಿಮ್ಮ ಮನೆಯ ಹಣದುಬ್ಬರ ಶೇ. 7. ಸ್ವಂತ ಮನೆ ಇರುವವರಿಗೆ ಅದೇ ವರ್ಷ ಶೇ. 4. ಕಂಡುಹಿಡಿಯುವುದು ಕಷ್ಟವೇನಲ್ಲ. ಹೋದ ವರ್ಷ ಮತ್ತು ಈ ವರ್ಷದ ಒಂದೇ ತಿಂಗಳ ಖರ್ಚು ತೆಗೆದುಕೊಂಡು, ಎರಡರಲ್ಲೂ ಇರುವ ಅದೇ ವಸ್ತು, ಅದೇ ಪ್ರಮಾಣ, ಅದೇ ಸೇವೆಗಳನ್ನು ಮಾತ್ರ ಹೋಲಿಸಿ. ಹೊಸದಾಗಿ ಶುರು ಮಾಡಿದ ಖರ್ಚು ಸೇರಿಸಬೇಡಿ, ಅದು ಬೆಲೆ ಏರಿಕೆ ಅಲ್ಲ, ಜೀವನ ಬದಲಾದದ್ದು. ಈ ತಪ್ಪು ಮಾಡಿದವರಿಗೆ ಹಣದುಬ್ಬರ ಶೇ. 20 ಅಂತ ಬಂದು ಗಾಬರಿಯಾಗಿ ಎಲ್ಲೆಲ್ಲೋ ದುಡ್ಡು ಹಾಕಿಬಿಡುತ್ತಾರೆ.

ಈಗ ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಸೇವಿಂಗ್ಸ್ ಖಾತೆ ಒಂದು ಕೆಲಸ ಮಾತ್ರ ಚೆನ್ನಾಗಿ ಮಾಡುತ್ತದೆ: ನಡುರಾತ್ರಿ ಬೇಕೆಂದರೂ ಪೂರ್ತಿ ದುಡ್ಡು ಕೈಗೆ ಕೊಡುತ್ತದೆ. ಆ ಅನುಕೂಲಕ್ಕೆ ನೀವು ಕೊಡುತ್ತಿರುವ ಬೆಲೆ ವರ್ಷಕ್ಕೆ ಶೇ. 3.4. ಹಾಗೆ ನೋಡಿದರೆ ನಿರ್ಧಾರ ಸುಲಭ. ನಿಮ್ಮ ತಿಂಗಳ ಖರ್ಚು 40,000 ಅಂದುಕೊಳ್ಳೋಣ. ಕೆಲಸ ಹೋದರೆ, ಆಸ್ಪತ್ರೆ ಸೇರಿದರೆ ಅಂತ ಆರು ತಿಂಗಳಿಗೆ 2,40,000 ಖಾತೆಯಲ್ಲಿ ಇಟ್ಟರೆ ಅದರ ಮೇಲಿನ ನಷ್ಟ ವರ್ಷಕ್ಕೆ ಸುಮಾರು 8,000. ಇದನ್ನು ನಾನು ಕಣ್ಣುಮುಚ್ಚಿ ಒಪ್ಪುತ್ತೇನೆ. ಆ ದುಡ್ಡು ಇಲ್ಲದೆ ಕಷ್ಟಕಾಲದಲ್ಲಿ ಸಾಲ ಮಾಡಿದರೆ ಬಡ್ಡಿಯೇ ಅದನ್ನು ಮೀರುತ್ತದೆ. ಒಂದು ವರ್ಷದೊಳಗೆ ಖರ್ಚಾಗುವುದು ಗೊತ್ತಿರುವ ದುಡ್ಡೂ, ಫೀಸು, ಮದುವೆ, ಮುಂಗಡ ಅಂಥದ್ದು, ಅಲ್ಲೇ ಇರಲಿ. ಆದರೆ ಉಳಿದ 8,85,900ರ ಮೇಲೆ ವರ್ಷಕ್ಕೆ 30,000 ಹೋಗುತ್ತಿದೆ. ಬಳಸದ ಅನುಕೂಲಕ್ಕೆ ಕೊಡುತ್ತಿರುವ ದುಡ್ಡು ಅದು. ನನಗೆ ಬೇಸರ ಆಗುವುದು ಈ ಭಾಗದ ಬಗ್ಗೆ.

ಅದನ್ನು ಎಲ್ಲಿ ಹಾಕಬೇಕು ಅನ್ನುವ ಮುಂಚೆ ಸಾಲ ಇದೆಯಾ ನೋಡಿ. ಶೇ. 10ರ ಸಾಲ ಒಂದು ಕಡೆ ಓಡುತ್ತಿರುವಾಗ ಶೇ. 3ರ ಖಾತೆಯಲ್ಲಿ ದುಡ್ಡು ಕೂಡಿಡುವವರು ಬಹಳ ಮಂದಿ. ಪ್ರತಿ ಒಂದು ಲಕ್ಷಕ್ಕೆ ವರ್ಷಕ್ಕೆ 10,000 ಕಟ್ಟುತ್ತೀರಿ, ತೆರಿಗೆ ಕಳೆದು 2,400 ಪಡೆಯುತ್ತೀರಿ. 7,600 ಸುಮ್ಮನೆ ಹೋಯಿತು. ಈ ಲೆಕ್ಕದಲ್ಲಿ ಹಣದುಬ್ಬರ ಎಷ್ಟಿದ್ದರೂ ವ್ಯತ್ಯಾಸ ಇಲ್ಲ, ಏಕೆಂದರೆ ಕೊಡುವುದೂ ಪಡೆಯುವುದೂ ಅದೇ ವರ್ಷದ ದುಡ್ಡು. ಸಾಲ ಮುಂಚೆ ತೀರಿಸಿದರೆ ದಂಡ ಇದೆಯಾ ಅಂತ ಒಮ್ಮೆ ಕೇಳಿ, ಇಲ್ಲದಿದ್ದರೆ ಇದಕ್ಕಿಂತ ಖಚಿತವಾದ ಗಳಿಕೆ ಸಿಗುವುದು ಕಷ್ಟ.

ಸಾಲ ಇಲ್ಲ ಅಂದರೆ ಮೊದಲು ಕಾಣುವುದು ನಿಶ್ಚಿತ ಠೇವಣಿ. ಶೇ. 6.5 ಸಿಕ್ಕರೆ ತೆರಿಗೆ ಕಳೆದು ಶೇ. 5.2. ಇದೂ ನಿಮ್ಮ ಗೆರೆಯ ಕೆಳಗೇ ಇದೆ, ಅಂದರೆ ಇಲ್ಲೂ ಸ್ವಲ್ಪ ಕರಗುತ್ತದೆ. ಆದರೆ ವರ್ಷಕ್ಕೆ 30,000 ಬದಲು 7,000ಕ್ಕೂ ಕಡಿಮೆ. ನಷ್ಟ ಪೂರ್ತಿ ನಿಲ್ಲಲಿಲ್ಲ ಅಂತ ಇದನ್ನು ತಳ್ಳಿಹಾಕಬೇಡಿ. ಒಂದೇ ದೊಡ್ಡ ಠೇವಣಿ ಮಾಡದೆ ಮೂರು ನಾಲ್ಕು ತುಂಡು ಮಾಡಿ, ಬೇರೆ ಬೇರೆ ಸಮಯಕ್ಕೆ ಮುಗಿಯುವ ಹಾಗೆ ಇಡಿ. ಮಧ್ಯೆ ಬೇಕಾದರೆ ಒಂದು ತುಂಡು ಮುರಿದರೆ ಸಾಕಾಗುತ್ತದೆ.

ಬೆಲೆ ಸೂಚ್ಯಂಕಕ್ಕೆ ಕಟ್ಟಿದ ಸರ್ಕಾರಿ ಬಾಂಡುಗಳೂ ಕೆಲವು ದೇಶಗಳಲ್ಲಿವೆ. ಬ್ರಿಟನ್ನಿನಲ್ಲಿ 1981ರಿಂದ, ಅಮೆರಿಕದಲ್ಲಿ 1997ರಿಂದ ಇವೆ. ಬೆಲೆ ಏರಿದಷ್ಟು ಅಸಲೂ ಏರುತ್ತದೆ. ಕೇಳಲು ಇದೇ ಮದ್ದು ಅನಿಸುತ್ತದೆ, ಅವಧಿ ಮುಗಿಯುವವರೆಗೆ ಇಟ್ಟುಕೊಂಡರೆ ಹೌದು ಕೂಡ. ಆದರೆ ನಡುವೆ ಮಾರಲು ಹೋದರೆ ಬಡ್ಡಿದರ ಏರಿದಾಗ ಇವುಗಳ ಬೆಲೆ ಬೀಳುತ್ತದೆ. 2022ರಲ್ಲಿ ಹಣದುಬ್ಬರ ಜೋರಾಗಿದ್ದಾಗಲೇ ಅಮೆರಿಕದಲ್ಲಿ ಇವುಗಳ ಮಾರುಕಟ್ಟೆ ಬೆಲೆ ಕುಸಿಯಿತು, ಹಣದುಬ್ಬರಕ್ಕೇ ರಕ್ಷಣೆ ಅಂತ ಕೊಂಡವರು ಕಂಗಾಲಾದರು.

ಷೇರುಗಳ ಬಗ್ಗೆ ಒಂದೇ ಮಾತು. ದೀರ್ಘ ಕಾಲದಲ್ಲಿ ಅನೇಕ ಮಾರುಕಟ್ಟೆಗಳಲ್ಲಿ ಅವು ಬೆಲೆ ಏರಿಕೆಯನ್ನು ಮೀರಿವೆ. ಆದರೆ 2007ರ ಅಕ್ಟೋಬರ್‌ನಿಂದ 2009ರ ಮಾರ್ಚ್‌ವರೆಗೆ ಅಮೆರಿಕದ ದೊಡ್ಡ ಕಂಪನಿಗಳ ಸೂಚ್ಯಂಕ ಅರ್ಧಕ್ಕಿಂತ ಜಾಸ್ತಿ ಬಿತ್ತು. ವರ್ಷಕ್ಕೆ ಶೇ. 3.4 ಉಳಿಸಲು ಹೋಗಿ ಬೇಕಾದ ಹೊತ್ತಿಗೆ ಅರ್ಧ ಕಳೆದುಕೊಳ್ಳುವುದು ಯಾರಿಗೂ ಬೇಡ. ಏಳೆಂಟು ವರ್ಷ ಬೇಕಾಗದ ದುಡ್ಡು, ಅರ್ಧ ಆದರೂ ನಿದ್ದೆ ಕೆಡದಷ್ಟು ಭಾಗ ಮಾತ್ರ ಅಲ್ಲಿಗೆ ಹೋಗಲಿ. ಮತ್ತೆ "ಖಚಿತವಾಗಿ ಶೇ. 18 ಕೊಡ್ತೀವಿ" ಅನ್ನುವವರು ಹುಡುಕುವುದೇ ನಿಮ್ಮಂಥವರನ್ನು, ಅಂದರೆ ದುಡ್ಡು ಕರಗುತ್ತಿದೆ ಅಂತ ಈಗಷ್ಟೇ ಗೊತ್ತಾಗಿ ಅವಸರದಲ್ಲಿ ಇರುವವರನ್ನು. ಅಪಾಯ ಇಲ್ಲದ ಠೇವಣಿಗೆ ಶೇ. 6.5 ಸಿಗುವ ಕಡೆ ಯಾರಾದರೂ ಖಚಿತವಾಗಿ ಶೇ. 18 ಅಂದರೆ, ಆ ಖಚಿತ ಅನ್ನುವ ಮಾತೇ ಸುಳ್ಳು.

ಅವಸರ ಏನೂ ಬೇಡ. ನಿಮ್ಮ ದುಡ್ಡು ಈಗ ತಿಂಗಳಿಗೆ ಮೂರು ಸಾವಿರದ ಆಸುಪಾಸಿನಲ್ಲಿ ಕರಗುತ್ತಿದೆ, ಎರಡು ತಿಂಗಳು ಯೋಚಿಸಿದರೆ ಆರು ಸಾವಿರ ಹೋಗಬಹುದು, ತಪ್ಪು ಜಾಗದಲ್ಲಿ ಹಾಕಿದರೆ ಎಲ್ಲವೂ ಹೋಗಬಹುದು. ಈ ವಾರ ತಿಂಗಳ ಖರ್ಚು ಬರೆದು ಆರರಿಂದ ಗುಣಿಸಿ, ಅಷ್ಟನ್ನು ಬೇರೆ ಇಡಿ. ಉಳಿದದ್ದಕ್ಕೆ ಮೊದಲು ಸಾಲ, ಆಮೇಲೆ ತುಂಡು ಠೇವಣಿ. ಬಾಂಡು, ಷೇರುಗಳನ್ನು ಓದಿ ತಿಳಿದುಕೊಂಡ ಮೇಲೆ ನೋಡಿದರಾಯಿತು. ವರ್ಷಕ್ಕೊಮ್ಮೆ, ಬಡ್ಡಿ ಜಮಾ ಆದ ದಿನ, ಬಂದ ಬಡ್ಡಿಯಿಂದ ತೆರಿಗೆ ಕಳೆದು, ಒಟ್ಟು ಮೊತ್ತವನ್ನು ಆ ವರ್ಷ ಬೆಲೆಗಳು ಎಷ್ಟು ಪಟ್ಟು ಆದವೋ ಅದರಿಂದ, ಅಂದರೆ ಶೇ. 6 ಏರಿದ್ದರೆ 1.06ರಿಂದ, ಭಾಗಿಸಿ, ಬಂದ ಅಂಕಿಯನ್ನು ಪಾಸ್‌ಬುಕ್‌ನ ಅದೇ ಸಾಲಿನ ಪಕ್ಕದಲ್ಲಿ ಪೆನ್ಸಿಲ್‌ನಿಂದ ಬರೆದಿಡಿ.